ಖಾಲಿ ಹೊಟ್ಟೆಯ ಶುಗರ್ 92 ಇತ್ತು, ಆದರೂ ಜಿಟಿಟಿ ಮಾಡಿಸಿದೆ

ದೇಹದ ಲೋಳೆ ಗಟ್ಟಿಯಾಗಿ ಶ್ವಾಸಕೋಶ, ಜೀರ್ಣಾಂಗಗಳನ್ನು ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ಮಕ್ಕಳನ್ನು ನೋಡುವ ವೈದ್ಯೆ ನಾನು. ಹತ್ತು ವರ್ಷ ತುಂಬಿದ ಮೇಲೆ ಅವರಿಗೆ ವರ್ಷಕ್ಕೊಮ್ಮೆ ಜಿಟಿಟಿ, ಅಂದರೆ ಗ್ಲೂಕೋಸ್ ಕುಡಿಸಿ ಎರಡು ಗಂಟೆಯವರೆಗೆ ರಕ್ತದ ಸಕ್ಕರೆ ನೋಡುವ ಪರೀಕ್ಷೆ ಮಾಡಿಸುತ್ತೇನೆ. ಕಳೆದ ವರ್ಷ ಬಂದ ಹುಡುಗಿಗೆ ಹನ್ನೆರಡು ವರ್ಷ, ತೂಕ 28 ಕೆಜಿ. ಎಂಟು ತಿಂಗಳಿಂದ ತೂಕ ಏರಿರಲಿಲ್ಲ. ಊಟಕ್ಕೆ ಮುಂಚೆ ಎನ್‌ಜೈಮ್ ಕ್ಯಾಪ್ಸೂಲ್ ತಪ್ಪಿಸುತ್ತಿರಲಿಲ್ಲ, ಆದರೂ ಶ್ವಾಸಕೋಶದ ಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು.

"ಖಾಲಿ ಹೊಟ್ಟೆ ಶುಗರ್ 92 ಇದೆಯಲ್ಲ ಡಾಕ್ಟ್ರೇ, ಮೂರು ತಿಂಗಳದ್ದೂ 5.6 ಇದೆ" ಎಂದರು ಅಮ್ಮ.

ಈ ಕಾಯಿಲೆಯಲ್ಲಿ ಇನ್ಸುಲಿನ್ ತಯಾರಿಸುವ ಮೇದೋಜ್ಜೀರಕ ಗ್ರಂಥಿ ಗಾಯಗಟ್ಟಿ ಗಡುಸಾಗುತ್ತದೆ. ಉಳಿದ ಇನ್ಸುಲಿನ್ ರಾತ್ರಿಯಿಡೀ ಸಕ್ಕರೆಯನ್ನು ಹಿಡಿದಿಡಲು ಸಾಕಾಗುತ್ತದೆ. ಉಂಡ ಕೂಡಲೇ ಬೇಕಾಗುವ ಇನ್ಸುಲಿನ್ ಮಾತ್ರ ಸಾಲದು, ತಡವಾಗಿಯೂ ಬರುತ್ತದೆ. ಹಾಗಾಗಿ ಬೆಳಗಿನ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಅಮ್ಮ ಹೇಳಿದ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಎಚ್‌ಬಿಎ1ಸಿ ಕೂಡ ಈ ಮಕ್ಕಳಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು.

ಅವಳಿಗೆ ಆಗಷ್ಟೇ ಕಫದ ಸೋಂಕು ವಾಸಿಯಾಗಿತ್ತು. ಆರು ವಾರ ಕಾದೆ, ಏಕೆಂದರೆ ಸೋಂಕಿನ ಸಮಯದಲ್ಲಿ ಸಕ್ಕರೆ ತಾನಾಗಿಯೇ ಏರಿರುತ್ತದೆ. ಪರೀಕ್ಷೆಗೆ ಮುಂಚಿನ ಮೂರು ದಿನ ಅನ್ನ, ಮುದ್ದೆ ಎಂದಿನಂತೆಯೇ ಉಣ್ಣಲಿ ಎಂದು ಹೇಳಿದ್ದೆ. ರಾತ್ರಿ ಎಂಟು ಗಂಟೆ ಉಪವಾಸ, ನೀರು ಮಾತ್ರ.

ಗ್ಲೂಕೋಸ್ ಲೆಕ್ಕ ಕೆಜಿಗೆ 1.75 ಗ್ರಾಂ, ಗರಿಷ್ಠ 75. ಇವಳಿಗೆ 49 ಗ್ರಾಂ ಆಯಿತು. ಪೊಟ್ಟಣದ ಮೇಲೆ ಮೊನೋಹೈಡ್ರೇಟ್ ಎಂದಿದ್ದರೆ ನೀರಿನ ಅಂಶ ಸೇರಿರುತ್ತದೆ, ಆಗ ಸುಮಾರು 54 ಗ್ರಾಂ ತೂಗಬೇಕು. ಎದೆಯ ಫಿಸಿಯೋಥೆರಪಿಯನ್ನು ಕುಡಿಯುವ ಮುಂಚೆಯೇ ಮುಗಿಸಿದೆವು, ಆಮೇಲೆ ಮಾಡಿದರೆ ಕೆಮ್ಮಿ ವಾಂತಿ ಮಾಡಿಕೊಳ್ಳುತ್ತಾರೆ. ವಾಂತಿಯಾದರೆ ಆ ದಿನದ ಪರೀಕ್ಷೆ ಬಿಟ್ಟು ಇನ್ನೊಂದು ದಿನ ಮಾಡುವುದೇ ಸರಿ. ತಣ್ಣನೆಯ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ ಕೊಟ್ಟೆವು, ಮೂಗು ಮುರಿಯುತ್ತಲೇ ಐದು ನಿಮಿಷದಲ್ಲಿ ಕುಡಿದಳು. ಮತ್ತೆ ಮತ್ತೆ ಚುಚ್ಚದಂತೆ ಕ್ಯಾನುಲಾ ಹಾಕಿಟ್ಟಿದ್ದೆವು.

ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೇ ತೆಗೆಯುತ್ತೇವೆ. ಒಮ್ಮೆ ಬೇರೊಂದು ಮಗುವಿನ ರಕ್ತ ಸಾದಾ ಟ್ಯೂಬಿನಲ್ಲಿ ಎರಡು ಗಂಟೆ ಹಾಗೆಯೇ ಉಳಿದುಬಿಟ್ಟಿತ್ತು. ರಕ್ತಕಣಗಳೇ ಸಕ್ಕರೆಯನ್ನು ಬಳಸಿಕೊಂಡು ಅಂಕಿ ಕೆಳಗಿಳಿದಿತ್ತು, ಪರೀಕ್ಷೆಯನ್ನು ಮತ್ತೆ ಮಾಡಬೇಕಾಯಿತು.

ಹುಡುಗಿಯ ಅಂಕಿಗಳು: ಖಾಲಿ ಹೊಟ್ಟೆಯಲ್ಲಿ 94, ಒಂದು ಗಂಟೆಗೆ 238, ಎರಡು ಗಂಟೆಗೆ 214. ಎರಡು ಗಂಟೆಯ ಅಂಕಿ 200 ಮುಟ್ಟಿದರೆ ಮಧುಮೇಹ. ಬಾಯಾರಿಕೆ, ಪದೇ ಪದೇ ಮೂತ್ರ ಯಾವುದೂ ಇರಲಿಲ್ಲವಾದ್ದರಿಂದ ಇನ್ನೊಂದು ದಿನ ಮತ್ತೆ ಮಾಡಿಸಿದೆ. 207 ಬಂತು.

ವಿಷಯ ಕೇಳಿದ ಕೂಡಲೇ ಅಜ್ಜಿ ತುಪ್ಪ, ಬೆಲ್ಲ ಎರಡನ್ನೂ ನಿಲ್ಲಿಸಿಬಿಟ್ಟಿದ್ದರು. "ಅಜ್ಜಿ, ಇವಳ ಊಟ ಕಡಿಮೆ ಮಾಡೋ ಹಾಗಿಲ್ಲ. ಊಟಕ್ಕೆ ತಕ್ಕ ಹಾಗೆ ಇನ್ಸುಲಿನ್ ಕೊಡ್ತೀವಿ" ಎಂದೆ. ಊಟಕ್ಕೆ ಮುಂಚೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದೆವು. ನಾಲ್ಕು ತಿಂಗಳ ಮೇಲೆ ತಕ್ಕಡಿ 29.7 ತೋರಿಸಿತು.