ಪಿಎಸ್5 ಇದ್ರೂ 4ಕೆ ಟಿವಿಲಿ ಬರೀ 1080ಪಿ: ನಮ್ಮನೆ ಎಚ್‌ಡಿಎಂಐ ಪೋರ್ಟ್ ಕಥೆ

ಪಿಎಸ್5 ತಗೊಂಡು ಹತ್ತಿರ ಹತ್ತಿರ ಎರಡು ತಿಂಗಳು ನಾನು 1080ಪಿಲೇ ಆಡ್ತಿದ್ದೆ, ಅದೂ ಗೊತ್ತೇ ಇಲ್ದೆ. ಟಿವಿ 55 ಇಂಚು, ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿತ್ತು, ಕನ್ಸೋಲ್ ಮೇಲೂ 4ಕೆ ಅಂತ ಇತ್ತು, ಎರಡನ್ನೂ ಸೇರ್ಸಿದ್ರೆ 4ಕೆ ಬರತ್ತೆ ಅಂದ್ಕೊಂಡು ಸುಮ್ನಿದ್ದೆ. ರಜಕ್ಕೆ ಬಂದ ಅಕ್ಕನ ಮಗ ಒಂದು ಮ್ಯಾಚ್ ಆಡಿ, "ಮಾಮಾ, ನಿಮ್ದು ಅಕ್ಷರ ಎಲ್ಲ ಯಾಕೆ ಮೊಬ್ಬು ಮೊಬ್ಬು ಕಾಣತ್ತೆ, ನಮ್ಮನೇಲಿ ಹಿಂಗಿಲ್ವಲ್ಲ" ಅಂದ. ನಿನ್ ಕಣ್ಣು ಚೆಕ್ ಮಾಡಿಸ್ಕೋ ಅಂತ ತಮಾಷೆ ಮಾಡಿದೆ, ಆದ್ರೆ ಅವ್ನು ಹೋದ್ಮೇಲೆ ಹತ್ರ ಹೋಗಿ ನೋಡಿದ್ರೆ ಹೌದು, ಮೆನು ಅಕ್ಷರದ ಅಂಚೆಲ್ಲ ಒಂಥರಾ ಹರಡ್ಕೊಂಡಿತ್ತು.

ರಿಮೋಟ್‌ಲಿ ಇನ್ಫೋ ಬಟನ್ ಒತ್ತಿದೆ, ಮೂಲೇಲಿ 1920x1080 60Hz ಅಂತ ಬಂತು. ಇದು ಒಳಗೆ ಬರ್ತಿರೋ ಸಿಗ್ನಲ್‌ನ ಲೆಕ್ಕ, ಪ್ಯಾನಲ್‌ದಲ್ಲ. ಟಿವಿ ಒಳಗೆ ಏನೇ ಹಿಗ್ಗಿಸಿ ತೋರಿಸ್ಲಿ, ಕೇಬಲ್‌ಲಿ ಬರ್ತಿರೋದು 1080ಪಿನೇ ಅಂತಾಯ್ತು.

ಆಮೇಲೆ ಕನ್ಸೋಲ್ ಕಡೆ ನೋಡಿದೆ. ಪಿಎಸ್5ಲಿ ಈ ಜಾಗ ತುಂಬಾ ಉಪಯೋಗದ್ದು, ಬಹಳ ಜನ ತೆಗೆದೇ ನೋಡಿರಲ್ಲ:

```
Settings > Screen and Video > Video Output > Video Output Information
```

ಇಲ್ಲಿ ಎರಡು ವಿಷ್ಯ ಇರತ್ತೆ. ಒಂದು, ಈಗ ಏನು ಹೋಗ್ತಿದೆ ಅನ್ನೋದು. ಇನ್ನೊಂದು, ಎದುರುಗಡೆ ಇರೋ ಎಚ್‌ಡಿಎಂಐ ಸಾಧನ ಏನೇನು ತಗೊಳ್ತೀನಿ ಅಂತ ಹೇಳಿದೆ ಅನ್ನೋದು. ಎರಡನೇದೇ ಮುಖ್ಯ. ನನ್ನದ್ರಲ್ಲಿ 60 ಹರ್ಟ್ಸ್ ಅನ್ನೋ ಸಾಲಲ್ಲಿ 1920x1080 ಮಾತ್ರ ಇತ್ತು, 3840x2160 ಅನ್ನೋದು ಹೆಸರಿಗೂ ಇರ್ಲಿಲ್ಲ. ಅಂದ್ರೆ ಕನ್ಸೋಲ್ ಸೋಮಾರಿತನ ಮಾಡ್ತಿಲ್ಲ, ಟಿವಿನೇ ನಂಗೆ ಅಷ್ಟು ಕೊಡ್ಬೇಡ ಅಂತಿದೆ. ಮೇಲಿನ ಮೆನುಲಿ Resolution ಅನ್ನೋದನ್ನ ನಾನು Automatic ಬಿಟ್ಟು ಬೇರೆ ಏನೂ ಮಾಡಿರ್ಲಿಲ್ಲ, ಮಾಡೋ ಅಗತ್ಯನೂ ಇರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ಎಲ್ರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ, ಹೋಗಿ ಹೊಸ ಕೇಬಲ್ ತಂದೆ. ಡಬ್ಬದಲ್ಲಿ ಬಂದಿದ್ದ ಕೇಬಲ್ಲೇ ಎಚ್‌ಡಿಎಂಐ 2.1 ತಡ್ಕೊಳ್ಳೋ ಅಲ್ಟ್ರಾ ಹೈ ಸ್ಪೀಡ್‌ದು, ಅದನ್ನ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ದುಡ್ಡು ಸುರಿದೆ ನೋಡಿ. ಕೇಬಲ್ ಕೆಟ್ಟಿದ್ರೆ ಸಾಮಾನ್ಯವಾಗಿ ಬೇರೆ ಥರ ಗೊತ್ತಾಗತ್ತೆ, ಪರದೆ ಎರಡು ಸೆಕೆಂಡ್ ಕಪ್ಪಾಗಿ ವಾಪಸ್ ಬರೋದು, ಅಲ್ಲಲ್ಲಿ ಚುಕ್ಕಿ ಮಿನುಗೋದು, ಹಂಗೆ. 1080ಪಿಲಿ ಅಲ್ಲಾಡ್ದಂಗೆ ನಿಂತ್ಬಿಟ್ಟಿದೆ ಅಂದ್ರೆ ಮೊದ್ಲು ಸೆಟ್ಟಿಂಗ್ ಮೇಲೇ ಅನುಮಾನ ಪಡ್ಬೇಕು.

ಇದು ಯಾಕೆ ಹಿಂಗೆ ಅಂದ್ರೆ, ಪ್ರತಿ ಎಚ್‌ಡಿಎಂಐ ಪೋರ್ಟ್ ಒಳಗೂ ಟಿವಿ ಒಂದು ಪುಟ್ಟ ಪರಿಚಯ ಪತ್ರ ಇಟ್ಕೊಂಡಿರತ್ತೆ, ಅದಕ್ಕೆ ಇಡಿಐಡಿ ಅಂತಾರೆ. ಕೇಬಲ್ ಸಿಕ್ಕಿಸಿದ ತಕ್ಷಣ ಕನ್ಸೋಲ್ ಅದನ್ನ ಓದತ್ತೆ, ಅದ್ರಲ್ಲಿ ಬರೆದಿರೋದಕ್ಕಿಂತ ಜಾಸ್ತಿ ಕಳ್ಸಲ್ಲ. ತುಂಬಾ 4ಕೆ ಟಿವಿಗಳಲ್ಲಿ ಈ ಪತ್ರದ ಎರಡು ಪ್ರತಿ ಇರತ್ತೆ, ಹಳೇ ಸಾಧನಗಳಿಗೆ ಒಂದು, ಹೊಸದಕ್ಕೆ ಇನ್ನೊಂದು, ಮತ್ತೆ ಫ್ಯಾಕ್ಟರಿಯಿಂದ ಬರೋವಾಗ ಎಷ್ಟೋ ಸಲ ಹಳೇದನ್ನೇ ಹಾಕಿ ಕಳ್ಸಿರ್ತಾರೆ. ಕಾರಣ ಇದೆ, ಹಳೇ ಸೆಟ್‌ಟಾಪ್ ಬಾಕ್ಸು ಡಿವಿಡಿ ಪ್ಲೇಯರ್ರು ಹೊಸ ಪತ್ರ ಓದಿ ತಲೆಕೆಟ್ಟು ಚಿತ್ರನೇ ಕೊಡದೆ ಇರ್ಬಹುದು.

ಲೆಕ್ಕ ಸ್ವಲ್ಪ ಹೇಳ್ತೀನಿ. ಎಚ್‌ಡಿಎಂಐ 1.4 ಲೆಕ್ಕದ ಪೋರ್ಟ್ ಸೆಕೆಂಡಿಗೆ 10.2 ಗಿಗಾಬಿಟ್ ತಡ್ಕೊಳತ್ತೆ, 2.0 ಆದ್ರೆ 18. 4ಕೆ ಚಿತ್ರನ ಪೂರ್ತಿ ಬಣ್ಣದ ಜೊತೆ ಸೆಕೆಂಡಿಗೆ 60 ಸಲ ಕಳ್ಸೋಕೆ 17.82 ಬೇಕು. 30 ಸಲ ಸಾಕು ಅಂದ್ರೆ ಅದ್ರ ಅರ್ಧ, 1.4ರಲ್ಲೇ ಆಗೋಗತ್ತೆ. ಇಲ್ಲೇ ಎಲ್ರೂ ಎಡವೋದು. ಟಿವಿ 1.4 ಪತ್ರ ತೋರಿಸ್ತಾ "ನಾನು 4ಕೆ ತಗೊಳ್ತೀನಿ, ಆದ್ರೆ 30 ಹರ್ಟ್ಸ್" ಅನ್ನತ್ತೆ, ಅದು ಸುಳ್ಳೇನಲ್ಲ. ಆದ್ರೆ ಪಿಎಸ್5ಗೆ 60 ಬೇಕು, 30 ಹರ್ಟ್ಸ್ 4ಕೆ ಅದು ಕೊಡಲ್ಲ, ಹಂಗಾಗಿ 60 ಉಳಿಸ್ಕೊಂಡು 1080ಪಿಗೆ ಇಳ್ದುಬಿಡತ್ತೆ. ಅದೇ ಪೋರ್ಟ್‌ಗೆ ನನ್ನ ಲ್ಯಾಪ್‌ಟಾಪ್ ಹಾಕಿದ್ರೆ 4ಕೆ ಬರ್ತಿತ್ತು, ಅದನ್ನ ನೋಡಿ ಪೋರ್ಟ್ ಸರಿಯಿದೆ ಅಂತ ಒಂದು ದಿನ ಪೂರ್ತಿ ದಾರಿ ತಪ್ಪಿದೆ. ಅದು 30 ಹರ್ಟ್ಸ್‌ಲಿ ಓಡ್ತಿತ್ತು, ಮೌಸ್ ಬಾಣ ಎಳೆದಂಗೆ ಹೋಗ್ತಿದ್ದಾಗ್ಲೇ ಗೊತ್ತಾಗ್ಬೇಕಿತ್ತು.

ಸರಿ, ಆ ಸೆಟ್ಟಿಂಗ್ ಎಲ್ಲಿರತ್ತೆ? ಇದೇ ದೊಡ್ಡ ತಲೆನೋವು, ಒಂದೊಂದು ಕಂಪನಿ ಒಂದೊಂದು ಹೆಸ್ರು ಇಟ್ಟಿದೆ. ಸೋನಿ ಟಿವಿಗಳಲ್ಲಿ HDMI signal format, ಅದನ್ನ Standard ಇಂದ Enhanced ಮಾಡ್ಬೇಕು. ಸ್ಯಾಮ್‌ಸಂಗ್‌ಲಿ External Device Manager ಒಳಗೆ Input Signal Plus, ಸ್ವಲ್ಪ ಹಳೇ ಮಾಡಲ್‌ಗಳಲ್ಲಿ ಇದೇ HDMI UHD Color ಅಂತಿತ್ತು. ಎಲ್‌ಜಿಲಿ HDMI Ultra HD Deep Colour. ಇನ್ನು ಕೆಲವು ಆಂಡ್ರಾಯ್ಡ್ ಟಿವಿಗಳಲ್ಲಿ ಸೀದಾ HDMI EDID ಅಂತಲೇ ಕೊಟ್ಟು 1.4, 2.0 ಅಂತ ಆಯ್ಕೆ ಇಟ್ಟಿರ್ತಾರೆ, ನಮ್ಮನೇದು ಈ ಜಾತಿ. ಎಲ್‌ಜಿಯವ್ರ ಹೆಸ್ರು ನೋಡಿ ಇದು ಬರೀ ಬಣ್ಣದ ವಿಷ್ಯ ಅಂದ್ಕೊಂಡು ಬಿಟ್ಬಿಡೋರು ಎಷ್ಟು ಜನ ಇರ್ತಾರೋ. ಚಿತ್ರದ ಸೆಟ್ಟಿಂಗ್ ಜೊತೆ ಹುಡುಕಿದ್ರೆ ಸಿಗದೇ ಇರ್ಬಹುದು, ಇನ್‌ಪುಟ್ ಅಥವಾ ಎಕ್ಸ್‌ಟರ್ನಲ್ ಡಿವೈಸ್ ಅಂತ ಇರೋ ಕಡೆನೂ ನೋಡಿ.

ನಾನು ಹುಡುಕಿ 1.4 ಇದ್ದಿದ್ದನ್ನ 2.0 ಮಾಡಿದೆ. ಖುಷಿಯಿಂದ ಕನ್ಸೋಲ್‌ಗೆ ಬಂದ್ರೆ ಮತ್ತೆ ಅದೇ 1080. ಕನ್ಸೋಲ್ ಪೂರ್ತಿ ಆಫ್ ಮಾಡಿ ಆನ್ ಮಾಡಿದೆ, ಟಿವಿ ಪ್ಲಗ್ ಕಿತ್ತು ಹಾಕಿದೆ, ಏನೂ ಇಲ್ಲ. ಟಿವಿ ಹಾರ್ಡ್‌ವೇರೇ ಇಷ್ಟು ಅಂತ ಕೈಬಿಟ್ಟು ಮಲ್ಗಿದೆ. ಬೆಳಿಗ್ಗೆ ಅಮ್ಮ ಟಿವಿ ಹಾಕಿದ್ರೆ ಚಾನೆಲ್ ಬರ್ತಿಲ್ಲ, ಪರದೆ ಒಂದ್ಸಲ ಕಪ್ಪು, ಒಂದ್ಸಲ ಚಿತ್ರ, ಮತ್ತೆ ಕಪ್ಪು. "ರಾತ್ರಿಯೆಲ್ಲ ಅದಕ್ಕೇನ್ ಮಾಡ್ತಿದ್ಯೋ" ಅಂತ ಬೈಸ್ಕೊಂಡೆ.

ಆ ಬೈಗುಳದಲ್ಲೇ ಉತ್ತರ ಸಿಕ್ತು. ಕೆಟ್ಟಿರೋದು ಸೆಟ್‌ಟಾಪ್ ಬಾಕ್ಸ್ ಚಿತ್ರ, ಅದಿರೋದು ಎಚ್‌ಡಿಎಂಐ 1ರಲ್ಲಿ. ಕನ್ಸೋಲ್ ಇರೋದು 2ರಲ್ಲಿ. ಅಂದ್ರೆ ಈ ಸೆಟ್ಟಿಂಗ್ ಇಡೀ ಟಿವಿಗಲ್ಲ, ಪ್ರತಿ ಪೋರ್ಟ್‌ಗೂ ಬೇರೆ ಬೇರೆ, ಮೆನು ತೆಗೆಯೋವಾಗ ಯಾವ ಇನ್‌ಪುಟ್ ಓಡ್ತಿರತ್ತೋ ಅದಕ್ಕೆ ಮಾತ್ರ ಅನ್ವಯ. ರಾತ್ರಿ ನಾನು ಮೆನು ತೆಗ್ದಾಗ ಹಿಂದೆ ನ್ಯೂಸ್ ಚಾನೆಲ್ ಓಡ್ತಿತ್ತು! ಎಚ್‌ಡಿಎಂಐ 1ನ್ನ ವಾಪಸ್ 1.4 ಮಾಡಿದೆ, ಅಮ್ಮನ ಚಾನೆಲ್ ತಕ್ಷಣ ಸರಿಹೋಯ್ತು. ಆಮೇಲೆ ಪಿಎಸ್5 ಆನ್ ಮಾಡಿ, ಅದ್ರ ಚಿತ್ರ ಪರದೆ ಮೇಲೆ ಇರೋವಾಗ್ಲೇ ಮೆನು ತೆಗೆದು 2.0 ಹಾಕಿದೆ. ಎರಡು ಮೂರು ಸೆಕೆಂಡ್ ಕಪ್ಪಾಯ್ತು, ವಾಪಸ್ ಬಂದಾಗ ಇನ್ಫೋ ಬಟನ್ ಒತ್ತಿದ್ರೆ 3840x2160 60Hz. ಎಲ್ಲ ಟಿವಿಲೂ ಹಿಂಗೆ ಓಡ್ತಿರೋ ಇನ್‌ಪುಟ್‌ಗೇ ಅಂತಿರಲ್ಲ, ಕೆಲವ್ರದ್ರಲ್ಲಿ ಒಂದೇ ಪುಟದಲ್ಲಿ ಎಲ್ಲಾ ಪೋರ್ಟ್ ಹೆಸ್ರು ಸಾಲಾಗಿ ಕೊಟ್ಟು ಎದುರಿಗೆ ಸ್ವಿಚ್ ಇರತ್ತೆ, ಅದು ವಾಸಿ. ಇನ್ನು ಕೆಲವು ಟಿವಿಲಿ ಎಲ್ಲಾ ಪೋರ್ಟ್‌ಗೂ ಈ ತಾಕತ್ತೇ ಇರಲ್ಲ, ಒಂದೋ ಎರಡೋ ಮಾತ್ರ, ಹಂಗಿದ್ರೆ ಮೊದ್ಲು ಕೇಬಲ್‌ನ ಆ ಪೋರ್ಟ್‌ಗೆ ಬದಲಾಯಿಸ್ಬೇಕು. ಹಿಂದುಗಡೆ ಪೋರ್ಟ್ ಪಕ್ಕದ ಬರಹ, ಇಲ್ಲಾ ಮ್ಯಾನ್ಯುಯಲ್ ನೋಡಿದ್ರೆ ಗೊತ್ತಾಗತ್ತೆ.

ಈಗ ಮಾಹಿತಿ ಪುಟದಲ್ಲಿ ಇನ್ನೊಂದು ಸಾಲು ನೋಡಿ, ಬಣ್ಣದ ಫಾರ್ಮ್ಯಾಟ್. ಎಚ್‌ಡಿಆರ್ ಆಟ ಹಾಕಿದಾಗ ನಂದು YUV422 ತೋರಿಸ್ತು, RGB ಇಲ್ವಲ್ಲ ಅಂತ ಮತ್ತೆ ಗಾಬರಿ. ಅದು ತಪ್ಪಲ್ಲ, 4ಕೆ 60 ಜೊತೆ 10 ಬಿಟ್ ಎಚ್‌ಡಿಆರ್‌ನ ಪೂರ್ತಿ RGBಲಿ ಕಳ್ಸೋಕೆ 18 ಗಿಗಾಬಿಟ್ ಸಾಲಲ್ಲ, ಅದಕ್ಕೆ ಬಣ್ಣದ ವಿವರ ಸ್ವಲ್ಪ ಕಮ್ಮಿ ಮಾಡಿ ಕಳ್ಸತ್ತೆ, ಸೋಫಾ ಮೇಲಿಂದ ನೋಡಿದ್ರೆ ವ್ಯತ್ಯಾಸ ನಂಗಂತೂ ಕಾಣಲ್ಲ. ಆದ್ರೆ ರೆಸಲ್ಯೂಶನ್ 4ಕೆ ಇದ್ದು, YUV420 ತೋರಿಸ್ತಾ, ಎಚ್‌ಡಿಆರ್ ಇಲ್ಲ ಅಂತಿದ್ರೆ ಅನುಮಾನ ಪಡಿ. ಕೆಲವು ಟಿವಿಗಳ ಹಳೇ ಪತ್ರದಲ್ಲೂ 4ಕೆ 60ನ್ನ ಬಣ್ಣ ಹಿಂಡಿ 1.4ರ ಜಾಗದಲ್ಲೇ ತೂರಿಸಿರ್ತಾರೆ, ಅಲ್ಲೂ ಮದ್ದು ಅದೇ ಸೆಟ್ಟಿಂಗು.

ಒಂದು ವಾರ ಚೆನ್ನಾಗಿತ್ತು. ಆಮೇಲೆ ಸೌಂಡ್‌ಬಾರ್ ಸೇರ್ಸೋಣ ಅಂತ ಕನ್ಸೋಲ್‌ನ ಸೌಂಡ್‌ಬಾರ್‌ಗೆ, ಅಲ್ಲಿಂದ ಟಿವಿಗೆ ಕೊಟ್ಟೆ, ಮತ್ತೆ 1080ಪಿ. ಈ ಸಲ ಸುಮ್ನೆ ತಲೆ ಕೆಡಿಸ್ಕೊಳ್ಲಿಲ್ಲ, ಮಧ್ಯೆ ಕೂತಿರೋ ಸಾಧನನೂ ಪತ್ರ ಓದಿ ತನ್ನ ಶಕ್ತಿಗೆ ತಕ್ಕಂಗೆ ಕತ್ತರಿಸಿ ಮುಂದಕ್ಕೆ ಕೊಡತ್ತೆ, ನನ್ನ ಸೌಂಡ್‌ಬಾರ್ ಹಳೇದು. ಕನ್ಸೋಲ್‌ನ ಮತ್ತೆ ನೇರವಾಗಿ ಟಿವಿಗೇ ಹಾಕಿ, ಸೌಂಡ್‌ಬಾರ್‌ನ ಟಿವಿಲಿ ARC ಅಂತ ಬರೆದಿರೋ ಪೋರ್ಟ್‌ಗೆ ಕೊಟ್ಟೆ. ಶಬ್ದ ಟಿವಿಯಿಂದ ವಾಪಸ್ ಬರತ್ತೆ, ಚಿತ್ರ ಯಾರ ಹಂಗೂ ಇಲ್ದೆ ಹೋಗತ್ತೆ.

ಸೆಟ್ಟಿಂಗ್ ಬದಲಾಯಿಸಿದಾಗ ಪರದೆ ಕಪ್ಪಾಗಿ ವಾಪಸ್ ಬರ್ಲೇ ಇಲ್ಲ ಅಂದ್ರೆ ಭಯ ಬೇಡ. ಪಿಎಸ್5 ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡ್ಕೊಳಿ, ಮೊದಲ್ನೇ ಬೀಪ್ ಆದ್ಮೇಲೂ ಬಿಡ್ಬೇಡಿ, ಸುಮಾರು ಏಳು ಸೆಕೆಂಡಿಗೆ ಎರಡ್ನೇ ಬೀಪ್ ಬಂದಾಗ ಬಿಡಿ. ಸೇಫ್ ಮೋಡ್ ಬರತ್ತೆ, ಕಂಟ್ರೋಲರ್‌ನ ಯುಎಸ್‌ಬಿ ಕೇಬಲ್‌ಲಿ ಚುಚ್ಚಿ Change Video Output ಒಳಗೆ ರೆಸಲ್ಯೂಶನ್ ಬದಲಾಯಿಸ್ಬಹುದು. ಎಕ್ಸ್‌ಬಾಕ್ಸ್ ಇರೋರು General ಒಳಗಿನ TV & display options ಗೆ ಹೋಗಿ 4K TV details ನೋಡಿ, ನಿಮ್ ಟಿವಿ ಏನೇನು ತಗೊಳತ್ತೆ, ಏನು ತಗೊಳಲ್ಲ ಅಂತ ಒಂದೊಂದಾಗಿ ತೋರಿಸತ್ತೆ.

ಇದೆಲ್ಲ ಆದ್ಮೇಲೆ ಆಫೀಸ್‌ಲಿ ನಾನೇ ಎಕ್ಸ್‌ಪರ್ಟ್ ಆಗೋದೆ. ಪಕ್ಕದ ಸೀಟಿನ ಗೆಳೆಯ ನಂದೂ 1080ಪಿ ಮೇಲೆ ಹೋಗಲ್ಲ ಕಣೋ ಅಂದ. ನಾನು ಫೋನ್‌ಲಿ ಅರ್ಧ ಗಂಟೆ ಕೂತು ಪೋರ್ಟ್ ಬದಲಾಯಿಸಿ, ಟಿವಿ ಸೆಟ್ಟಿಂಗ್ ಹುಡುಕಿಸಿ, ಎಲ್ಲಾ ಮಾಡಿಸಿದ್ಮೇಲೆ, ಅಲ್ಲಾ ನಿಂದು ಯಾವ್ ಮಾಡಲ್ಲೋ ಅಂತ ಕೇಳಿದೆ. ಪಿಎಸ್4 ಸ್ಲಿಮ್ ಅಂದ. ಅದು 1080ಪಿ ಮೇಲೆ ಕೊಡೋದೇ ಇಲ್ಲ.