ಯಾವ ಫಿಲ್ಟರ್, ಯಾವ ಗಾಡಿಗೆ, ಯಾವಾಗ?

ಆರೇಳು ಲಾರಿ ಓಡಿಸುವವರ ಸ್ಪೇರ್ ಪಾರ್ಟ್ ಕಪಾಟು ತೆರೆದು ನೋಡಿ. ಎಂದೋ ಮಾರಿದ ಗಾಡಿಯ ಫಿಲ್ಟರ್ ನಾಲ್ಕು ಇರುತ್ತವೆ, ನಾಳೆ ಬೆಳಿಗ್ಗೆ ಬೇಕಾದದ್ದು ಒಂದೂ ಇರುವುದಿಲ್ಲ. ಸ್ಟಾಕ್ ಪುಸ್ತಕದಲ್ಲಿ ‘ಆಯಿಲ್ ಫಿಲ್ಟರ್ – 4’ ಎಂದು ಬರೆದಿರುತ್ತದೆ ಅಷ್ಟೇ. ಅದು ಯಾವ ಗಾಡಿಯದು, ಯಾವಾಗ ಬೇಕಾಗುತ್ತದೆ ಎಂದು ಪುಸ್ತಕ ಹೇಳುವುದಿಲ್ಲ. ಈ ಎರಡು ಮಾತನ್ನು ಸೇರಿಸಿದರೆ ಅದೇ ಪುಸ್ತಕ ಮುಂದಿನ ತಿಂಗಳ ಖರೀದಿ ಪಟ್ಟಿಯನ್ನೂ ಕೊಡುತ್ತದೆ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಸ್ಪ್ರೆಡ್‌ಶೀಟ್ ಸಾಕು, ಅದರಲ್ಲಿ ಮೂರು ಹಾಳೆ.

ಮೊದಲು ಗಾಡಿಗಳ ಹಾಳೆ. ಇದಕ್ಕೆ `Vehicles` ಎಂದು ಹೆಸರಿಡಿ. ಗಾಡಿ ನಂಬರ್, ಮೀಟರ್ ರೀಡಿಂಗ್, ಆ ರೀಡಿಂಗ್ ತೆಗೆದ ತಾರೀಖು, ದಿನಕ್ಕೆ ಸರಾಸರಿ ಎಷ್ಟು ಕಿ.ಮೀ. ಓಡುತ್ತದೆ – ಇಷ್ಟು ಕಾಲಂ ಇರಲಿ. ತಾರೀಖಿನ ಕಾಲಂ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಚಾಸಿ ನಂಬರನ್ನೂ ಕೊನೆಯಲ್ಲಿ ಬರೆದಿಡಿ, ಅದು ಎರಡನೇ ಹಾಳೆಗೆ ಬೇಕಾಗುತ್ತದೆ.

ಎರಡನೆಯದು ಪಾರ್ಟ್‌ಗಳ ಹಾಳೆ, `Parts`. ಪ್ರತಿ ಪಾರ್ಟ್‌ಗೂ ನಿಮ್ಮದೇ ಒಂದು ಚಿಕ್ಕ ಕೋಡ್ ಕೊಡಿ, `OF-01` ಅನ್ನುವ ಹಾಗೆ. ಕಂಪನಿಯ ಪಾರ್ಟ್ ನಂಬರ್ ಪಕ್ಕದ ಕಾಲಂನಲ್ಲಿರಲಿ, ಕೈಯಲ್ಲಿರುವ ಸ್ಟಾಕ್ ಅದರ ಪಕ್ಕದಲ್ಲಿ. ಕಂಪನಿಗಳು ಆಗಾಗ ಹಳೇ ನಂಬರ್ ನಿಲ್ಲಿಸಿ ಅದೇ ಪಾರ್ಟ್‌ಗೆ ಹೊಸ ನಂಬರ್ ಕೊಡುತ್ತವೆ. ಕಂಪನಿ ನಂಬರನ್ನೇ ನಂಬಿ ಕೂತರೆ ಒಂದೇ ಫಿಲ್ಟರ್ ಎರಡು ಸಾಲಿನಲ್ಲಿ ಬಂದು, ಸ್ಟಾಕ್ ಇದ್ದರೂ ಇಲ್ಲದಂತೆ ಕಾಣುತ್ತದೆ.

ಇಲ್ಲಿ ಅವಸರ ಬೇಡ. ಒಂದೇ ಮಾಡೆಲ್‌ನ ಎರಡು ಲಾರಿ, ಬೇರೆ ಬೇರೆ ವರ್ಷ ಕೊಂಡಿದ್ದು ಎಂದುಕೊಳ್ಳಿ. ನಡುವೆ ಎಂಜಿನ್ ಬದಲಾಗಿದ್ದರೆ ಫಿಲ್ಟರ್ ಕೂಡ ಬೇರೆ ಇರಬಹುದು. ಥ್ರೆಡ್ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಅದೇ ಫಿಲ್ಟರ್ ಅಂತಲ್ಲ. ಒಳಗಿನ ಬೈಪಾಸ್ ವಾಲ್ವ್ ಬೇರೆ ಒತ್ತಡಕ್ಕೆ ತೆರೆದುಕೊಳ್ಳುವಂಥದ್ದಾಗಿರಬಹುದು. ಅದು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಮಾಡೆಲ್ ಹೆಸರು ಹೇಳಿ ಕೇಳಬೇಡಿ, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಖಚಿತಪಡಿಸಿಕೊಳ್ಳಿ. ಒಂದು ಸಲ ಮಾಡಿದರೆ ಮುಗಿಯಿತು.

ಮೂರನೆಯದು ಜೋಡಣೆಯ ಹಾಳೆ, `Links`. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಒಂದು ಗಾಡಿ, ಒಂದು ಪಾರ್ಟ್ – ಇದಕ್ಕೆ ಒಂದು ಸಾಲು. ಒಂದೇ ಫಿಲ್ಟರ್ ಮೂರು ಗಾಡಿಗೆ ಬರುತ್ತದೆ ಅಂದರೆ ಮೂರು ಸಾಲು. A ಕಾಲಂನಲ್ಲಿ ಗಾಡಿ, Bಯಲ್ಲಿ ಪಾರ್ಟ್ ಕೋಡ್, Cಯಲ್ಲಿ ಒಂದು ಸರ್ವಿಸ್‌ಗೆ ಎಷ್ಟು ಬೇಕು, Dಯಲ್ಲಿ ಎಷ್ಟು ಕಿ.ಮೀ.ಗೊಮ್ಮೆ, Eಯಲ್ಲಿ ಎಷ್ಟು ತಿಂಗಳಿಗೊಮ್ಮೆ. ಹಿಂದಿನ ಸಲ ಬದಲಿಸಿದಾಗಿನ ಕಿ.ಮೀ. Fನಲ್ಲಿ, ತಾರೀಖು Gಯಲ್ಲಿ. H, I, J ಕಾಲಂಗಳಿಗೆ ರೀಡಿಂಗ್, ರೀಡಿಂಗ್ ತಾರೀಖು ಮತ್ತು ದಿನದ ಓಟವನ್ನು ಮೊದಲ ಹಾಳೆಯಿಂದ ತನ್ನಿ:

```
=VLOOKUP(A2,Vehicles!A:D,2,FALSE)
```

ಇದು H2ಗೆ. Iಗೆ 2ರ ಬದಲು 3, Jಗೆ 4 ಹಾಕಿ. ಕೊನೆಗೆ K2ನಲ್ಲಿ ಮುಂದಿನ ಬದಲಾವಣೆಯ ತಾರೀಖು, I ಮತ್ತು K ಕಾಲಂಗಳ ಫಾರ್ಮ್ಯಾಟ್ Date ಇರಲಿ:

```
=MIN(I2+(F2+D2-H2)/MAX(J2,1),EDATE(G2,E2))
```

ಇನ್ನೂ ಓಡಬೇಕಾದ ಕಿ.ಮೀ.ಯನ್ನು ದಿನದ ಓಟದಿಂದ ಭಾಗಿಸಿ ಒಂದು ತಾರೀಖು, ತಿಂಗಳ ಲೆಕ್ಕದಲ್ಲಿ ಇನ್ನೊಂದು ತಾರೀಖು. ಎರಡರಲ್ಲಿ ಯಾವುದು ಮೊದಲೋ ಅದು. `MAX` ಇರುವುದು ನಿಂತ ಗಾಡಿಗಾಗಿ, ಇಲ್ಲದಿದ್ದರೆ ಸೊನ್ನೆಯಿಂದ ಭಾಗಿಸಲು ಹೋಗಿ ಶೀಟ್ ತಪ್ಪು ತೋರಿಸುತ್ತದೆ.

ಈ ಸೂತ್ರದಲ್ಲಿ ನಾನು ಮೊದಲು I2 ಇರುವ ಕಡೆ `TODAY()` ಹಾಕಿದ್ದೆ. ಎಲ್ಲಾ ಚೆನ್ನಾಗೇ ಕಾಣುತ್ತಿತ್ತು. ಒಂದು ಗಾಡಿಯ ರೀಡಿಂಗ್ ಮೂರು ವಾರ ಯಾರೂ ತುಂಬಿರಲಿಲ್ಲ. ಗಾಡಿ ಓಡುತ್ತಲೇ ಇತ್ತು, ಶೀಟಿನಲ್ಲಿ ಮಾತ್ರ ‘ಇನ್ನೂ 12 ದಿನ ಇದೆ’. ಮರುದಿನ ನೋಡಿದರೂ 12 ದಿನವೇ! ರೀಡಿಂಗ್ ಹಳೆಯದು, ತಾರೀಖು ಇವತ್ತಿನದು, ಹೀಗಾಗಿ ಸರ್ವಿಸ್ ದಿನ ದಿನಕ್ಕೊಂದು ಹೆಜ್ಜೆ ಮುಂದೆ ಓಡುತ್ತಿತ್ತು. ರೀಡಿಂಗ್ ತೆಗೆದ ತಾರೀಖಿನಿಂದಲೇ ಎಣಿಸಿದರೆ ಈ ತಾಪತ್ರಯ ಇಲ್ಲ. ನಿಮ್ಮ ಶೀಟಿನಲ್ಲೂ ಯಾವುದಾದರೂ ಸಾಲು ಹಟ ಹಿಡಿದಂತೆ ಅದೇ ‘ಉಳಿದ ದಿನ’ ತೋರಿಸುತ್ತಿದ್ದರೆ ಇದನ್ನೇ ಹುಡುಕಿ.

ಈಗ ಖರೀದಿ ಪಟ್ಟಿ. `Parts` ಹಾಳೆಯಲ್ಲಿ ಕೋಡ್ A ಕಾಲಂನಲ್ಲಿದ್ದರೆ, ಖಾಲಿ ಇರುವ ಒಂದು ಕಾಲಂನಲ್ಲಿ ಹೀಗೆ ಬರೆಯಿರಿ:

```
=SUMIFS(Links!C:C,Links!B:B,A2,Links!K:K,"<="&TODAY()+30)
```

ಮುಂದಿನ 30 ದಿನದಲ್ಲಿ ಎಷ್ಟು ಬೇಕು ಎಂದು ಬರುತ್ತದೆ. ಕೈಯಲ್ಲಿರುವುದನ್ನು ಕಳೆದರೆ ತರಿಸಬೇಕಾದದ್ದು. 30 ಯಾಕೆ? ಹೇಳಿದ ಮೇಲೆ ಪಾರ್ಟ್ ಕೈಗೆ ಬರಲು 15 ದಿನ, ನಾವು ಪಟ್ಟಿ ನೋಡುವುದು 7 ದಿನಕ್ಕೊಮ್ಮೆ, ಮೇಲೆ ಮುನ್ನೆಚ್ಚರಿಕೆಗೆ ಒಂದು ವಾರ ಚಿಲ್ಲರೆ. ನಿಮ್ಮ ಪಾರ್ಟ್ ಎರಡೇ ದಿನಕ್ಕೆ ಬರುವುದಾದರೆ 30 ಜಾಸ್ತಿಯಾಯಿತು, ಇಳಿಸಿ.

ಒಂದು ಲೆಕ್ಕ ಮಾಡಿ ನೋಡೋಣ. ಒಂದೇ ಆಯಿಲ್ ಫಿಲ್ಟರ್ ಮೂರು ಗಾಡಿಗೆ, 20,000 ಕಿ.ಮೀ. ಅಥವಾ 12 ತಿಂಗಳಿಗೊಮ್ಮೆ. ಮೂರರ ರೀಡಿಂಗೂ ಇವತ್ತಿನದು. ಮೊದಲನೆಯದು 1,42,000ದಲ್ಲಿ ಬದಲಿಸಿದ್ದು, ಈಗ 1,57,000. ಉಳಿದದ್ದು 5,000. ದಿನಕ್ಕೆ 200 ಕಿ.ಮೀ. ಓಡಿದರೆ 25 ದಿನ. ಎರಡನೆಯದಕ್ಕೆ 6,000 ಉಳಿದಿದೆ, ದಿನಕ್ಕೆ 250 ಓಡುತ್ತದೆ, 24 ದಿನ. ಮೂರನೆಯದು ಸೋಮಾರಿ, ದಿನಕ್ಕೆ 20 ಕಿ.ಮೀ. ಇನ್ನೂ 13,500 ಬಾಕಿ. ಕಿ.ಮೀ. ಲೆಕ್ಕದಲ್ಲಿ 675 ದಿನ. ಆದರೆ ಅದಕ್ಕೆ ಫಿಲ್ಟರ್ ಹಾಕಿ 12 ತಿಂಗಳು ತುಂಬಲು 28 ದಿನ ಬಾಕಿ. ಅಂದರೆ ತಿಂಗಳೊಳಗೆ ಮೂರು ಫಿಲ್ಟರ್ ಬೇಕು.

ಇದನ್ನೇ ಸರಾಸರಿಯಲ್ಲಿ ಹಾಕಿದರೆ? ಮೂರೂ ಸೇರಿ ದಿನಕ್ಕೆ 470, ತಿಂಗಳಿಗೆ 14,100 ಕಿ.ಮೀ. 20,000ದಿಂದ ಭಾಗಿಸಿದರೆ ತಿಂಗಳಿಗೆ ಮುಕ್ಕಾಲು ಫಿಲ್ಟರ್ ಕೂಡ ಆಗುವುದಿಲ್ಲ. ಒಂದು ಇದ್ದರೆ ಸಾಕು ಅನಿಸುತ್ತದೆ, ಅಲ್ವಾ? ನೂರು ಗಾಡಿ ಇರುವ ಕಡೆ ಸರಾಸರಿ ನಡೆಯುತ್ತದೆ. ಬೆರಳೆಣಿಕೆಯ ಗಾಡಿ ಇದ್ದಾಗ ತಾರೀಖು ನೋಡಿಯೇ ತರಿಸಬೇಕು.

ಎಲ್ಲ ಪಾರ್ಟೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಬ್ರೇಕ್ ಲೈನಿಂಗ್ ಸವೆತ ರಸ್ತೆ, ಭಾರ, ಡ್ರೈವರ್ ಕಾಲಿನ ಮೇಲೆ ನಿಂತಿದೆ. ಅಲ್ಲಿ ಕಿ.ಮೀ. ಅಂದರೆ ಪರೀಕ್ಷೆಯ ಗಡುವು, ಬದಲಾವಣೆಯದ್ದಲ್ಲ. ಅದರ ಸಾಲಿನಲ್ಲಿ C ಕಾಲಂಗೆ 0 ಹಾಕಿ. ನೋಡಬೇಕಾದ ತಾರೀಖು ಬರುತ್ತದೆ, ಖರೀದಿ ಪಟ್ಟಿಗೆ ಸೇರುವುದಿಲ್ಲ. ಅಳತೆ ತೆಗೆದಾಗ ದಪ್ಪ ಕನಿಷ್ಠ ಮಿತಿಯ ಹತ್ತಿರ ಬಂದಿದ್ದರೆ ಆಗ 0 ಅಳಿಸಿ ಬೇಕಾದ ಸಂಖ್ಯೆ ಬರೆಯಿರಿ. ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್ ಥರ ಹೇಳದೆ ಕೇಳದೆ ಕೈಕೊಡುವ ಪಾರ್ಟ್‌ಗಳನ್ನು ಈ ಹಾಳೆಗೆ ತರಲೇಬೇಡಿ.

ದಿನದ ಕೆಲಸ ಒಂದೇ. ಕಪಾಟಿನಿಂದ ಪಾರ್ಟ್ ಹೊರಗೆ ಹೋದರೆ ಚೀಟಿ: ತಾರೀಖು, ಕೋಡ್, ಗಾಡಿ ನಂಬರ್, ಮೀಟರ್ ರೀಡಿಂಗ್. ಸಂಜೆ ಅದನ್ನು ನೋಡಿ ಸ್ಟಾಕ್ ಕಡಿಮೆ ಮಾಡಿ, F ಮತ್ತು G ತಿದ್ದಿ. Fನಲ್ಲಿ ನಿಜಕ್ಕೂ ಬದಲಿಸಿದಾಗಿನ ಕಿ.ಮೀ. ಬರಬೇಕು, ಬದಲಿಸಬೇಕಾಗಿದ್ದ ಕಿ.ಮೀ. ಅಲ್ಲ. ಒಂದು ಗಾಡಿಯ ಹೆಸರಲ್ಲಿ ತೆಗೆದು ಇನ್ನೊಂದಕ್ಕೆ ಹಾಕುವುದೂ ಉಂಟು. ಆಗ ಸ್ಟಾಕ್ ಎಣಿಕೆ ಸರಿಯಾಗೇ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಚೀಟಿಗಳಲ್ಲಿ ಒಂದೇ ಗಾಡಿಗೆ ತಿಂಗಳಲ್ಲಿ ಎರಡು ಆಯಿಲ್ ಫಿಲ್ಟರ್, ಪಕ್ಕದ ಗಾಡಿಗೆ ಗಡುವು ದಾಟಿದರೂ ಒಂದೂ ಇಲ್ಲ ಅಂತ ಕಂಡರೆ ಮೆಕ್ಯಾನಿಕ್ಕನ್ನು ಕರೆದು ಕೇಳಿ.

ಮೀಟರೇ ಕೆಟ್ಟು ಹೊಸದು ಹಾಕಿಸಿದರೆ ರೀಡಿಂಗ್ ಸೊನ್ನೆಯಿಂದ ಶುರುವಾಗಬಹುದು. ಹಳೇ ಮೀಟರಿನ ಕೊನೆಯ ಅಂಕಿಯನ್ನು ಗಾಡಿಯ ಸಾಲಿನಲ್ಲೇ ಬರೆದಿಟ್ಟು, ಹೊಸ ರೀಡಿಂಗ್‌ಗೆ ಪ್ರತಿ ಸಲ ಅದನ್ನು ಕೂಡಿಸಿಯೇ ತುಂಬಿ.