24 ಗಂಟೆಗೆ ಮಾಯವಾಗಬೇಕಿದ್ದ ಆಧಾರ್ ಫೋಟೊ ಎಲ್ಲೆಲ್ಲಿ ಉಳಿಯಿತು?

ಬಾಡಿಗೆ ಕರಾರಿಗೆ ಆಧಾರ್ ಫೋಟೊ ಕಳಿಸಿ ಅಂತ ಬ್ರೋಕರ್ ಕೇಳಿದರು. ನಾನು ಭಾರೀ ಜಾಣನ ಹಾಗೆ ವಾಟ್ಸ್ಆ್ಯಪ್‌ನಲ್ಲಿ 24 ಗಂಟೆಯ ಟೈಮರ್ ಹಾಕಿ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಳಿಸಿದೆ. ಮಂಗಳವಾರ ಹತ್ತಕ್ಕೆ ನೋಡಿದರೆ ಫೋಟೊ ಇಲ್ಲ. ಗುರುವಾರ ಕರಾರು ತರೋಕೆ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ತನ್ನ ಫೋನ್ ತೆಗೆದು, ‘ಇದೇ ಅಲ್ವಾ ಸಾರ್ ನಿಮ್ದು?’ ಅಂತ ಅದೇ ಫೋಟೊ ತೋರಿಸಿದ.

ಮೊದಲು ಟೈಮರ್ ಹಾಕೋದು ಹೇಗೆ ಅಂತ ನೋಡೋಣ. ಚಾಟ್ ತೆರೆದು ಮೇಲಿರುವ ಹೆಸರನ್ನು ಒತ್ತಿ. ಕೆಳಗೆ ಇಳಿದರೆ Disappearing messages ಅಂತ ಸಿಗುತ್ತದೆ. ಅದರಲ್ಲಿ 24 ಗಂಟೆ, 7 ದಿನ, 90 ದಿನ ಇವುಗಳಲ್ಲಿ ಒಂದನ್ನು ಆರಿಸಿ. ಇಬ್ಬರೇ ಇರುವ ಚಾಟ್‌ನಲ್ಲಿ ಯಾರು ಬೇಕಾದರೂ ಇದನ್ನು ಹಾಕಬಹುದು, ತೆಗೆಯಲೂಬಹುದು. ಹಾಕುವ ಮುಂಚೆ ಕಳಿಸಿದ ಹಳೆಯ ಮೆಸೇಜ್‌ಗಳಿಗೆ ಇದು ತಗಲುವುದಿಲ್ಲ, ಅವು ಹಾಗೇ ಇರುತ್ತವೆ.

ಗಡಿಯಾರ ಶುರುವಾಗೋದು ನೀವು ಕಳಿಸಿದ ಹೊತ್ತಿನಿಂದ, ಅವರು ಓದಿದ ಹೊತ್ತಿನಿಂದ ಅಲ್ಲ. ಸಿಗ್ನಲ್ ಆ್ಯಪ್‌ನಲ್ಲಿ ಹೀಗಿಲ್ಲ, ಅಲ್ಲಿ ಪಡೆದವರು ನೋಡಿದ ಮೇಲೆಯೇ ಅವರ ಕಡೆಯ ಎಣಿಕೆ ಶುರು.

ಈಗ ನನ್ನ ಫೋಟೊ ಹೇಗೆ ಉಳೀತು ಅನ್ನೋದಕ್ಕೆ ಬರೋಣ. ಬ್ರೋಕರ್ ಅದನ್ನು ಅಂಗಡಿಯವನಿಗೆ ಫಾರ್ವರ್ಡ್ ಮಾಡಿದ್ದರು. ಟೈಮರ್ ಇರೋದು ಚಾಟ್‌ಗೆ, ಫೋಟೊಗೆ ಅಲ್ಲ. ಅವರಿಬ್ಬರ ಚಾಟ್‌ನಲ್ಲಿ ಟೈಮರ್ ಇರಲಿಲ್ಲ, ಹಾಗಾಗಿ ಅಲ್ಲಿಗೆ ಹೋದ ಕಾಪಿ ಮಾಮೂಲಿ ಫೋಟೊ ಆಗಿ ಕೂತುಬಿಟ್ಟಿತು. ಹೀಗೆ ಫಾರ್ವರ್ಡ್ ಆಗಿದ್ದು ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಸ್ಕ್ರೀನ್‌ಶಾಟ್ ಕತೆಯೂ ಇಷ್ಟೇ. ಮಾಯವಾಗುವ ಮೆಸೇಜ್‌ನ ಸ್ಕ್ರೀನ್‌ಶಾಟ್ ತೆಗೆಯೋದನ್ನು ವಾಟ್ಸ್ಆ್ಯಪ್ ತಡೆಯುವುದಿಲ್ಲ, ತೆಗೆದರು ಅಂತ ನಿಮಗೆ ಹೇಳುವುದೂ ಇಲ್ಲ. ಒಂದೇ ಒಂದು ಕಡೆ ಸುದ್ದಿ ಬರುತ್ತದೆ: ಪಡೆದವರು ಮೆಸೇಜನ್ನು ಒತ್ತಿಹಿಡಿದು Keep ಅಂತ ಆರಿಸಿದರೆ ನಿಮಗೆ ತಿಳಿಸುತ್ತದೆ, ಬೇಡ ಅನ್ನುವ ಹಕ್ಕೂ ನಿಮ್ಮದೇ. ಆದರೆ ಕದ್ದು ಇಟ್ಟುಕೊಳ್ಳೋರು ಯಾಕಪ್ಪಾ ಮುಂಬಾಗಿಲಿಂದ ಬರ್ತಾರೆ! ಇನ್ನು ಮೆಸೇಜ್‌ಗೆ ಉತ್ತರ ಕೊಡುವಾಗ ಮೇಲೆ ಹಳೆಯ ಮಾತು ಚಿಕ್ಕದಾಗಿ ಅಂಟಿಕೊಳ್ಳುತ್ತದಲ್ಲ, ಮೂಲ ಮೆಸೇಜ್ ಹೋದ ಮೇಲೂ ಅದು ಉಳಿದಿರಬಹುದು.

ಬ್ಯಾಕಪ್ ವಿಚಾರ ಸ್ವಲ್ಪ ಬೇರೆ, ಜನ ಜಾಸ್ತಿ ಗೊಂದಲ ಮಾಡಿಕೊಳ್ಳೋದೂ ಇಲ್ಲೇ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್ ರಾತ್ರಿ ಎರಡು ಗಂಟೆ ಹೊತ್ತಿಗೆ ಫೋನಿನೊಳಗೇ ಒಂದು ಬ್ಯಾಕಪ್ ಮಾಡುತ್ತದೆ, ಇತ್ತೀಚಿನ ಏಳು ದಿನದವನ್ನು ಇಟ್ಟುಕೊಂಡಿರುತ್ತದೆ. ನಾನು ಕಳಿಸಿದ್ದು ಸೋಮವಾರ ಹತ್ತಕ್ಕೆ, ಅದು ಅಳಿಸಿಹೋಗಿದ್ದು ಮಂಗಳವಾರ ಹತ್ತಕ್ಕೆ. ನಡುವೆ ಬ್ರೋಕರ್ ಫೋನಿನಲ್ಲಿ ಆ ಎರಡು ಗಂಟೆ ಬಂದು ಹೋಯಿತು, ಅಂದರೆ ಆ ಮೆಸೇಜ್ ಬ್ಯಾಕಪ್ ಫೈಲ್‌ಗೆ ಸೇರಿತು. ಹಾಗಂತ ಅವರು ಬುಧವಾರ ಹೊಸ ಫೋನ್ ತಗೊಂಡು ಬ್ಯಾಕಪ್‌ನಿಂದ ಚಾಟ್ ವಾಪಸ್ ತಂದರೆ ಅದು ಸಿಗುವುದಿಲ್ಲ, ಅವಧಿ ಮುಗಿದ ಮೆಸೇಜ್‌ಗಳನ್ನು ಆ್ಯಪ್ ಆಗಲೇ ಅಳಿಸಿಬಿಡುತ್ತದೆ. ಮಾಮೂಲಿ ಜನಕ್ಕೆ ಈ ದಾರಿ ಮುಚ್ಚಿದ ಹಾಗೇ. ಗ್ಯಾಲರಿ ಮಾತ್ರ ಹಾಗಲ್ಲ. ಫೋಟೊ ಒಮ್ಮೆ ಅಲ್ಲಿ ಸೇವ್ ಆದರೆ ಟೈಮರ್ ಅದನ್ನು ಮುಟ್ಟುವುದಿಲ್ಲ, ಗ್ಯಾಲರಿಯ ಫೋಟೊಗಳು ತಾವಾಗೇ ಕ್ಲೌಡ್‌ಗೆ ಹೋಗುವ ಹಾಗೆ ಇಟ್ಟಿದ್ದರೆ ಅಲ್ಲೂ ಒಂದು ಪ್ರತಿ.

ಹಾಗಾದರೆ ಒಮ್ಮೆ ಮಾತ್ರ ನೋಡೋಕಾಗುವ View once ಫೋಟೊ ಕಳಿಸಬಹುದಿತ್ತಲ್ಲ? ಫೋಟೊ ಆರಿಸಿದ ಮೇಲೆ ಕಾಣುವ 1 ಅನ್ನೋ ಗುರುತು ಒತ್ತಿ ಕಳಿಸಿದರೆ ಫಾರ್ವರ್ಡ್ ಆಗಲ್ಲ, ಸೇವ್ ಆಗಲ್ಲ, ಸ್ಕ್ರೀನ್‌ಶಾಟ್‌ಗೂ ತಡೆ ಇದೆ. 14 ದಿನ ತೆರೆಯದಿದ್ದರೆ ತಾನೇ ಹೋಗುತ್ತದೆ. ಇನ್ನೊಂದು ಫೋನಿನಿಂದ ಪರದೆಯ ಫೋಟೊ ಹೊಡೆದರೆ ಯಾವ ಆ್ಯಪ್ಪೂ ಏನೂ ಮಾಡೋಕಾಗಲ್ಲ, ಅದು ಬೇರೆ ಮಾತು. ಆದರೆ ನನ್ನ ಕೇಸಿನಲ್ಲಿ ಅದು ಕೆಲಸಕ್ಕೆ ಬರುತ್ತಿರಲಿಲ್ಲ, ಯಾಕಂದ್ರೆ ಬ್ರೋಕರ್‌ಗೆ ಅದನ್ನು ಪ್ರಿಂಟ್ ಹಾಕಿಸಬೇಕಿತ್ತು. ಪಡೆದವರು ಇಟ್ಟುಕೊಳ್ಳಲೇಬೇಕಾದ ಕಾಗದಕ್ಕೆ ಟೈಮರ್ ಹಾಕಿ ಸಮಾಧಾನ ಪಟ್ಟಿದ್ದೇ ನನ್ನ ತಪ್ಪು. ಅದರ ಬದಲು ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತಾ ಅಂತ ಕೇಳಬಹುದಿತ್ತು. ಅದು ಯುಐಡಿಎಐ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಟೈಮರ್ ದಂಡ ಅಂತಲ್ಲ. ಆರು ತಿಂಗಳ ನಂತರ ಬ್ರೋಕರ್ ಫೋನ್ ಕಳೆದುಹೋಗಿ ಇನ್ಯಾರದೋ ಕೈಗೆ ಸಿಕ್ಕಿದರೆ, ಚಾಟ್ ಹಿಂದಕ್ಕೆ ಎಳೆದು ನೋಡುವವರಿಗೆ ಅದು ಸಿಗುವುದಿಲ್ಲ. ಅಷ್ಟರ ಮಟ್ಟಿಗೆ ಲಾಭ.

ಝೆರಾಕ್ಸ್ ಅಂಗಡಿಯವನ ಹತ್ತಿರ ನಿಂತು ಚಾಟ್‌ನಿಂದಲೂ ಗ್ಯಾಲರಿಯಿಂದಲೂ ಡಿಲೀಟ್ ಮಾಡಿಸಿದೆ. ಆಮೇಲೆ ಗ್ಯಾಲರಿಯ ಕಸದಬುಟ್ಟಿ ತೆರೆಯಪ್ಪಾ ಅಂದೆ. ಅಲ್ಲಿ ನನ್ನದರ ಜೊತೆ ಇನ್ನೂ ಹತ್ತಾರು ಜನರ ಆಧಾರ್ ಕಾರ್ಡ್‌ಗಳಿದ್ದವು.